ಪದಚರ್ಚೆ: ಪಾಸ್‌ಬುಕ್ಕಿನಲ್ಲಿ ‘ಜಮೆ’, ನಮ್ಮ ಲೆಕ್ಕದಲ್ಲಿ ‘ಖರ್ಚು’?

ಹಾವೇರಿಯಿಂದ: ನಮಸ್ಕಾರ. ಹೊಸ ಅಂಗಡಿಗೆ ಬಂಡವಾಳವೆಂದು 50,000 ರೂಪಾಯಿ ಬ್ಯಾಂಕಿಗೆ ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಜಮೆ ಎಂದು ಬರುತ್ತದೆ. ಪಾಠದಲ್ಲಿ ಮಾತ್ರ ಬ್ಯಾಂಕ್ ಖಾತೆಯನ್ನು ಡೆಬಿಟ್ ಮಾಡಿಸುತ್ತಾರೆ, ಅದನ್ನು ‘ಖರ್ಚು’ ಎನ್ನುತ್ತಾರೆ. ದುಡ್ಡು ಬಂದದ್ದು ಖರ್ಚು ಹೇಗಾಯಿತು? ಪದವೇ ತಪ್ಪೇ?

ದಾವಣಗೆರೆಯಿಂದ: ಪದದ್ದು ತಪ್ಪಿಲ್ಲ. ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್, ಇಷ್ಟು ನೆನಪಿಟ್ಟರೆ ಸಾಕು. ಗಿರಾಕಿಗೆ ತಿಳಿಯಲೆಂದು ಬ್ಯಾಂಕಿನವರು ತಿರುಗಿಸಿ ಬರೆಯುತ್ತಾರೆ.

ಹುಬ್ಬಳ್ಳಿಯಿಂದ: ನಗದು, ಸರಕಿನ ಮಟ್ಟಿಗೆ ಆ ಸೂತ್ರ ಸರಿ. ಬಾಡಿಗೆ ಕೊಟ್ಟಾಗ ಬಾಡಿಗೆ ಖಾತೆಗೆ ‘ಬಂದದ್ದು’ ಏನು ಎಂದು ಕೇಳಿದರೆ ಅದು ಕೈಕೊಡುತ್ತದೆ. ಬ್ಯಾಂಕಿನವರಂತೂ ಏನನ್ನೂ ತಿರುಗಿಸುವುದಿಲ್ಲ. ಪಾಸ್‌ಬುಕ್ ಎಂದರೆ ಅವರ ಲೆಡ್ಜರಿನಲ್ಲಿರುವ ನಿಮ್ಮ ಖಾತೆಯ ನಕಲು. ನೀವು ಕಟ್ಟಿದ 50,000 ಅವರ ತಲೆಯ ಮೇಲಿನ ಸಾಲ, ಸಾಲ ಹೆಚ್ಚಿದರೆ ಕ್ರೆಡಿಟ್. ನಿಮಗೆ ಅದೇ ಹಣ ಆಸ್ತಿ, ಆಸ್ತಿ ಹೆಚ್ಚಿದರೆ ಡೆಬಿಟ್. ಯಾರ ಪುಸ್ತಕ ಎಂದು ಮೊದಲು ಕೇಳಿಕೊಳ್ಳಿ.

ಲೆಡ್ಜರಿನ ಖಾತೆಯಲ್ಲಿ ಎಡಬದಿ ಡೆಬಿಟ್, ಬಲಬದಿ ಕ್ರೆಡಿಟ್. ಆಸ್ತಿ ಎಡಕ್ಕೆ ಬೆಳೆಯುತ್ತದೆ. ಸಾಲ, ಬಂಡವಾಳ ಬಲಕ್ಕೆ. ಆದಾಯ ಬಂಡವಾಳವನ್ನು ಹೆಚ್ಚಿಸುವುದರಿಂದ ಬಲಕ್ಕೆ, ವೆಚ್ಚ ಅದನ್ನು ಕರಗಿಸುವುದರಿಂದ ಎಡಕ್ಕೆ. ಬಾಡಿಗೆ ಡೆಬಿಟ್ ಆಗುವುದು ಇದೇ ಕಾರಣಕ್ಕೆ. ನಿಮ್ಮ ಅಂಗಡಿಯನ್ನೇ ನೋಡಿ. ಮೊದಲು ಬ್ಯಾಂಕ್ ಡೆಬಿಟ್ 50,000, ಬಂಡವಾಳ ಕ್ರೆಡಿಟ್ 50,000. ಆಮೇಲೆ 20,000ದ ಸರಕು ಉದ್ದರಿ ತಂದರೆ ಖರೀದಿ ಡೆಬಿಟ್, ಸಗಟು ವ್ಯಾಪಾರಿ ಕ್ರೆಡಿಟ್. ಅವರಿಗೆ 15,000ದ ಚೆಕ್ ಕೊಟ್ಟರೆ ವ್ಯಾಪಾರಿ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಈಗ ಎಡಕ್ಕೆ ಬ್ಯಾಂಕ್ 35,000, ಖರೀದಿ 20,000. ಬಲಕ್ಕೆ ಬಂಡವಾಳ 50,000, ವ್ಯಾಪಾರಿಯ ಬಾಕಿ 5,000. ಎರಡೂ ಕಡೆ 55,000.

ಶಿರಸಿಯಿಂದ: ನಡುವೆ ನಮ್ಮದೊಂದು. ಸಂಘದ ಕೈಬರಹದ ಲೆಕ್ಕದಲ್ಲಿ ಕಿರ್ದಿಯ, ಅಂದರೆ ದಿನದ ಲೆಕ್ಕದ ಪುಸ್ತಕದ, ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಈ ವರ್ಷ ಲೆಡ್ಜರ್ ಹೊಸದಾಗಿ ಬರೆಸಿದೆವು, ಎರಡೂ ಬದಿಯ ಮೊತ್ತ ಹೋಲಿಸುವ ತಾಳೆಪಟ್ಟಿಯಲ್ಲಿ 8,400 ವ್ಯತ್ಯಾಸ. ಕಿರ್ದಿಯೇ ಉಲ್ಟಾ ಇದೆಯೇ?

ಹುಬ್ಬಳ್ಳಿಯಿಂದ: ಕಿರ್ದಿ ಸರಿಯಾಗೇ ಇದೆ. ಅದರಲ್ಲಿ ನಗದಿನ ಹೆಸರು ಬರೆಯುವುದಿಲ್ಲ, ಎದುರು ಖಾತೆಯ ಹೆಸರು ಬರೆಯುತ್ತಾರೆ. ಸದಸ್ಯರು ಹಣ ಕಟ್ಟಿದರೆ ಜಮೆ ಆಗುವುದು ಅವರ ಖಾತೆಗೆ, ಅಂದರೆ ಅವರ ಖಾತೆ ಕ್ರೆಡಿಟ್. ಆದ್ದರಿಂದ ಕಿರ್ದಿಯ ಎಡಬದಿಯದು ಲೆಡ್ಜರಿನ ಆ ಖಾತೆಯಲ್ಲಿ ಬಲಬದಿಗೆ ಹೋಗಬೇಕು. ಒಂದು ಮೊತ್ತವನ್ನು ಎಡದಿಂದ ಎಡಕ್ಕೇ ಇಳಿಸಿದರೆ ಒಂದು ಬದಿಗೆ ಅಷ್ಟು ಕೂಡುತ್ತದೆ, ಇನ್ನೊಂದು ಬದಿಗೆ ಅಷ್ಟೇ ಕಡಿಮೆಯಾಗುತ್ತದೆ, ವ್ಯತ್ಯಾಸ ಇಮ್ಮಡಿ. ಹಾಗಾಗಿ ಮೊದಲು 4,200ರ ನಮೂದನ್ನು ಹುಡುಕಿ. ಸಿಗದಿದ್ದರೆ 8,400 ಎಲ್ಲಿಯಾದರೂ ಇಳಿಸಲು ಬಿಟ್ಟುಹೋಗಿದೆಯೇ ನೋಡಿ. ಆದರೆ ಒಂದು ವ್ಯವಹಾರದ ಎರಡೂ ಬದಿ ಅದಲುಬದಲಾಗಿದ್ದರೆ ತಾಳೆಪಟ್ಟಿ ಸರಿಯಾಗಿಯೇ ಕೂಡುತ್ತದೆ. ಬ್ಯಾಂಕಿನ ವ್ಯವಹಾರವಾದರೆ ಆ ತಪ್ಪು ಪಾಸ್‌ಬುಕ್ಕಿನ ಜೊತೆ ಸಾಲುಸಾಲಾಗಿ ಹೋಲಿಸಿದಾಗ ಸಿಗುತ್ತದೆ.

ಹಾವೇರಿಯಿಂದ: ಹಾಗಾದರೆ ಡೆಬಿಟ್‌ಗೆ ಖರ್ಚು ಅನ್ನಬಹುದೇ?

ಹುಬ್ಬಳ್ಳಿಯಿಂದ: ಕಿರ್ದಿಯಲ್ಲಿ ಧಾರಾಳವಾಗಿ. ಲೆಡ್ಜರಿಗೆ ಡೆಬಿಟ್ ಎಂದೇ ಇರಲಿ ಎನ್ನುತ್ತೇನೆ. ಬಾಡಿಗೆಯೂ ಖರ್ಚು, ಬ್ಯಾಂಕಿನಲ್ಲಿರುವ ಹಣವೂ ಖರ್ಚು ಎಂದರೆ ಕಲಿಯುವವರು ಎಡವುತ್ತಾರೆ.

ದಾವಣಗೆರೆಯಿಂದ: ಒಪ್ಪುವುದಿಲ್ಲ. ಖರ್ಚು–ಜಮೆ ಜೋಡಿ ಬಳಕೆಯಲ್ಲಿರುವ ಪದ, ಅದನ್ನು ಬಿಡಬಾರದು. ಬ್ಯಾಂಕಿನ ವಿಷಯ ಮಾತ್ರ ನೀವು ಹೇಳಿದ್ದು ಸರಿ.