ಬಾಲಿಗೆ ವೀಸಾ ಆನ್ ಅರೈವಲ್ ಸರಿ, ನಡುವೆ ಬರುವ ಸಿಂಗಾಪುರಕ್ಕೆ ಏನು?

ಪ್ರಶ್ನೆ, ಮಂಡ್ಯದಿಂದ:
ನಾನು, ನಮ್ಮ ಯಜಮಾನರು, ಅತ್ತೆ ಮೂವರೂ ಬಾಲಿಗೆ ಹೊರಟಿದ್ದೇವೆ. ಮೂವರಿಗೂ ಇದೇ ಮೊದಲ ಫಾರಿನ್ ಪ್ರಯಾಣ. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿ ಆರು ಗಂಟೆ ಕಾದು ಬಾಲಿ. ಏಜೆಂಟ್ "ವೀಸಾ ಆನ್ ಅರೈವಲ್, ಏನೂ ಮಾಡಿಸಬೇಕಿಲ್ಲ" ಅಂತಾರೆ. ಬುಕಿಂಗ್ ಸೈಟಿನಲ್ಲಿ ಮಾತ್ರ "ಟ್ರಾನ್ಸಿಟ್ ವೀಸಾ ಬೇಕಾಗಬಹುದು" ಅಂತ ಬರ್ತಿದೆ. ಯಾವುದನ್ನು ನಂಬಲಿ? ಇನ್ನೂ ದುಡ್ಡು ಕಟ್ಟಿಲ್ಲ.

ಸರಸ್ವತಿಪುರಂನಿಂದ ಒಬ್ಬರು:
ಏನೂ ತಲೆ ಕೆಡಿಸಿಕೊಳ್ಳಬೇಡಿ. ಸಿಂಗಾಪುರದಲ್ಲಿ ಇಂಡಿಯನ್ಸ್‌ಗೆ 96 ಗಂಟೆ ವೀಸಾ ಇಲ್ಲದೆ ಬಿಡ್ತಾರೆ. ನನ್ನ ತಮ್ಮ ಹೊರಗೆ ಹೋಗಿ ಊರು ಸುತ್ತಿಕೊಂಡೇ ಮುಂದಿನ ವಿಮಾನ ಹತ್ತಿದ. ನೀವೂ ಆರು ಗಂಟೆ ಸುಮ್ನೆ ಕೂರಬೇಡಿ, ಒಂದು ರೌಂಡ್ ಹಾಕಿ ಬನ್ನಿ.

ಕುವೆಂಪುನಗರದಿಂದ, ವಿಮಾನದ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡಿದವರು:
ಮೇಡಂ, ಊರು ಸುತ್ತುವ ಮಾತು ಸದ್ಯಕ್ಕೆ ಬಿಡಿ. 96 ಗಂಟೆ ಇರುವುದು ನಿಜ. ಆದರೆ ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ಥರದ ಕೆಲವು ದೇಶಗಳ ಚಾಲ್ತಿ ವೀಸಾ ಪಾಸ್‌ಪೋರ್ಟಿನಲ್ಲಿ ಇದ್ದವರಿಗೆ ಮಾತ್ರ. ಅವರನ್ನು ಬಿಡುವುದೂ ಬಿಡದಿರುವುದೂ ಅಲ್ಲಿನ ಅಧಿಕಾರಿ ಕೈಯಲ್ಲಿದೆ. ಸರ್ ಅವರ ತಮ್ಮನ ಹತ್ತಿರ ಅಂಥ ವೀಸಾ ಇದ್ದಿರಬೇಕು. ನಿಮ್ಮ ಮೂವರದ್ದೂ ಹೊಸ ಪಾಸ್‌ಪೋರ್ಟ್, ಅಲ್ವಾ?

ನಿಮ್ಮ ಏಜೆಂಟ್ ಹೇಳಿದ್ದು ಬಾಲಿಗೆ ಸರಿ. ಡೆನ್‌ಪಸಾರ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ತಲೆಗೆ 5 ಲಕ್ಷ ಇಂಡೊನೇಷ್ಯನ್ ರುಪಯ್ಯ ಕಟ್ಟಿದರೆ 30 ದಿನಕ್ಕೆ ವೀಸಾ ಕೊಡುತ್ತಾರೆ. ಲಕ್ಷ ಅಂದ ಕೂಡಲೇ ಗಾಬರಿ ಆಗಬೇಡಿ, ನಮ್ಮ ದುಡ್ಡಿನಲ್ಲಿ ಎರಡೂವರೆಯಿಂದ ಮೂರು ಸಾವಿರ. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳಾದರೂ ಅವಧಿ ಉಳಿದಿರಬೇಕು, ವಾಪಸ್ ಟಿಕೆಟ್ ಕೈಯಲ್ಲಿರಬೇಕು. ವೀಸಾಗೆ ಇಷ್ಟೇ.

ಆದರೆ ಆ ವೀಸಾ ಇಂಡೊನೇಷ್ಯಾ ಕೊಡುವುದು, ಅದರ ಬಾಗಿಲಲ್ಲಿ ನಿಂತಾಗ. ಸಿಂಗಾಪುರದ ಬಾಗಿಲಿಗೂ ಅದಕ್ಕೂ ಸಂಬಂಧ ಇಲ್ಲ. ಸಿಂಗಾಪುರ ನಮ್ಮವರಿಗೆ ಬಂದಿಳಿದ ಮೇಲೆ ವೀಸಾ ಕೊಡುವುದಿಲ್ಲ, ಮೊದಲೇ ಮಾಡಿಸಿಕೊಂಡಿರಬೇಕು. ಹಾಗಾಗಿ ನೀವು ನೋಡಬೇಕಾದ್ದು ಒಂದೇ: ಸಿಂಗಾಪುರದಲ್ಲಿ ಇಮಿಗ್ರೇಶನ್ ದಾಟಿ ಹೊರಗೆ ಬರುವ ಪ್ರಸಂಗ ಬರುತ್ತದಾ?

ಬೆಂಗಳೂರಿನಿಂದ ಬಾಲಿವರೆಗೆ ಒಂದೇ ಪಿಎನ್‌ಆರ್ ಇದ್ದರೆ ಸಾಮಾನ್ಯವಾಗಿ ಬರುವುದಿಲ್ಲ. ಲಗೇಜ್ ತಾನಾಗಿಯೇ ಮುಂದಿನ ವಿಮಾನಕ್ಕೆ ಹೋಗುತ್ತದೆ. ಎರಡೂ ಬೋರ್ಡಿಂಗ್ ಪಾಸ್ ಬೆಂಗಳೂರಿನಲ್ಲೇ ಕೊಡುತ್ತಾರೆ. ಸಿಂಗಾಪುರದ ಚಾಂಗಿ ನಿಲ್ದಾಣದಲ್ಲಿ ಇಳಿದವರು ಒಳಗೊಳಗೇ ಇನ್ನೊಂದು ಗೇಟಿಗೆ ನಡೆದುಕೊಂಡು ಹೋಗಬಹುದು. ಟರ್ಮಿನಲ್ ಬೇರೆಯಾದರೂ ಒಳಗಡೆಯಿಂದಲೇ ರೈಲು, ಬಸ್ ಇದೆ. ವೀಸಾ ಯಾರೂ ಕೇಳುವುದಿಲ್ಲ.

ಎರಡು ಬೇರೆ ಬೇರೆ ಪಿಎನ್‌ಆರ್ ಇದ್ದರೆ ಕಥೆ ಬೇರೆ. ಸೈಟಿನಲ್ಲಿ ಒಂದೇ ಸಲ ದುಡ್ಡು ಕಟ್ಟಿದರೂ ಅದು ಎರಡು ಕಂಪನಿಯ ಎರಡು ಟಿಕೆಟ್ ಆಗಿರಬಹುದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ `Self transfer` ಅಂತ ಇರುತ್ತದೆ, ನೋಡಿ. ಆಗ ಬೆಂಗಳೂರಿನಲ್ಲಿ ನಿಮ್ಮ ಪೆಟ್ಟಿಗೆಗೆ ಸಿಂಗಾಪುರದವರೆಗೆ ಮಾತ್ರ ಟ್ಯಾಗ್ ಹಾಕುತ್ತಾರೆ. ಪೆಟ್ಟಿಗೆ ತೆಗೆದುಕೊಳ್ಳಬೇಕಾದರೆ ಇಮಿಗ್ರೇಶನ್ ದಾಟಿ ಬೆಲ್ಟ್ ಹತ್ತಿರ ಹೋಗಬೇಕು, ಆಮೇಲೆ ಮತ್ತೆ ಚೆಕ್-ಇನ್. ಅಂದರೆ ನೀವು ಸಿಂಗಾಪುರ ದೇಶದೊಳಗೆ ಕಾಲಿಟ್ಟ ಹಾಗೇ ಲೆಕ್ಕ. ಸೈಟ್ ಎಚ್ಚರಿಸುತ್ತಿರುವುದು ಇದನ್ನೇ ಇರಬೇಕು.

ಇನ್ನೊಂದು. ಇದು ಸಿಂಗಾಪುರಕ್ಕೆ ಹೋದ ಮೇಲೆ ಗೊತ್ತಾಗುವ ತೊಂದರೆ ಅಲ್ಲ. ವೀಸಾ ಇಲ್ಲದವರನ್ನು ಕರೆದುಕೊಂಡು ಹೋದರೆ ವಾಪಸ್ ತರುವ ಹೊಣೆ ವಿಮಾನ ಕಂಪನಿಯದು. ಅದಕ್ಕೇ ಕೌಂಟರಿನವರು ಪ್ರತಿ ದೇಶದ ನಿಯಮವನ್ನು ಕಂಪ್ಯೂಟರಿನಲ್ಲಿ ನೋಡಿಯೇ ಬೋರ್ಡಿಂಗ್ ಪಾಸ್ ಕೊಡುವುದು. ಇಲ್ಲಿಂದ ಫ್ಲೈ ಬಸ್ ಹತ್ತಿ ಮಧ್ಯರಾತ್ರಿ ಬಂದ ಕುಟುಂಬಗಳು ಕೌಂಟರ್ ಮುಂದೆಯೇ ನಿಂತುಬಿಟ್ಟಿದ್ದನ್ನು ನೋಡಿದ್ದೇನೆ. ಸಿಂಗಾಪುರ-ಬಾಲಿ ಟಿಕೆಟ್ ಬೇರೆ ಕಂಪನಿಯದಾದ್ದರಿಂದ ಅದರ ದುಡ್ಡೂ ಹೋಗುತ್ತದೆ.

ಮಳವಳ್ಳಿಯಿಂದ, ನಿವೃತ್ತ ಮೇಷ್ಟ್ರು:
ನಾನೂ ನಮ್ಮ ಮನೆಯವರೂ ಮಗನ ಮನೆಗೆ ಅಮೆರಿಕಕ್ಕೆ ಹೋದಾಗ ಲಂಡನ್‌ನಲ್ಲಿ ವಿಮಾನ ಬದಲಾಯಿಸಿದೆವು ಕಣ್ರೀ. ಯಾವ ಟ್ರಾನ್ಸಿಟ್ ವೀಸಾನೂ ಕೇಳಲಿಲ್ಲ. ಏರ್‌ಪೋರ್ಟ್ ಒಳಗೇ ಇದ್ದರೆ ಎಲ್ಲೂ ಕೇಳಲ್ಲ. ಅಂದ ಹಾಗೆ ಲಂಡನ್‌ನಲ್ಲಿ ನಡೆಯೋದು ಬಹಳ, ಅತ್ತೆಯವರಿಗೆ ವೀಲ್‌ಚೇರ್ ಮೊದಲೇ ಹೇಳಿಬಿಡಿ.

ಕುವೆಂಪುನಗರದವರು:
ಮೇಷ್ಟ್ರೇ, ನಿಮ್ಮನ್ನು ಕೇಳದೆ ಇದ್ದದ್ದು ಅಮೆರಿಕದ ವೀಸಾ ಇತ್ತು ಅಂತ. ಅದಿದ್ದವರಿಗೆ ಬ್ರಿಟನ್‌ನಲ್ಲಿ ವಿನಾಯಿತಿ ಇದೆ. ಇಲ್ಲದಿದ್ದರೆ ನಮ್ಮ ಪಾಸ್‌ಪೋರ್ಟಿಗೆ ಲಂಡನ್‌ನಲ್ಲಿ ಒಳಗೇ ಕೂತು ವಿಮಾನ ಬದಲಾಯಿಸುವುದಕ್ಕೂ ವೀಸಾ ಬೇಕು. ಅಮೆರಿಕದಲ್ಲಂತೂ ಒಳಗೊಳಗೇ ದಾಟುವ ವ್ಯವಸ್ಥೆಯೇ ಇಲ್ಲ, ಮೆಕ್ಸಿಕೋಗೆ ಹೋಗುವವರೂ ಅಲ್ಲಿ ಇಮಿಗ್ರೇಶನ್ ದಾಟಲೇಬೇಕು. ವೀಲ್‌ಚೇರ್ ಮಾತು ಮಾತ್ರ ನೂರಕ್ಕೆ ನೂರು ಸರಿ.

ಶ್ರೀರಂಗಪಟ್ಟಣದಿಂದ ಒಬ್ಬರು:
ಎರಡು ಟಿಕೆಟ್ ಇದ್ದರೂ ದಾರಿ ಇದೆ. ನಾನು ಬರೀ ಒಂದು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋಗಿದ್ದೆ. ಎರಡನೇ ವಿಮಾನಕ್ಕೆ ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಪ್ರಿಂಟ್ ಇಟ್ಟುಕೊಂಡಿದ್ದೆ. ಬೆಂಗಳೂರಿನಲ್ಲಿ ಅದನ್ನು ತೋರಿಸಿದೆ, ಬಿಟ್ಟರು. ಚಾಂಗಿಯಲ್ಲಿ ಹೊರಗೆ ಬರಲೇ ಇಲ್ಲ.

ವಿಜಯನಗರ, ಮೈಸೂರಿನಿಂದ:
ನನ್ನ ಫ್ರೆಂಡ್‌ಗೆ ಇದೇ ಥರ ಇದ್ದಾಗ ಬಿಡಲಿಲ್ಲ. ಎರಡನೇ ಕಂಪನಿ ವೆಬ್ ಚೆಕ್-ಇನ್‌ಗೆ ಅವಕಾಶ ಕೊಡಲಿಲ್ಲ, ದಾಖಲೆ ನೋಡಬೇಕು, ಕೌಂಟರಿಗೇ ಬನ್ನಿ ಅಂತ ಬಂತು. ಕೌಂಟರ್ ಇರುವುದು ಇಮಿಗ್ರೇಶನ್ ಆಚೆ! ಕೊನೆಗೆ ಸಿಂಗಾಪುರ ವೀಸಾ ಮಾಡಿಸಿಯೇ ಹೋದಳು.

ಮಂಡ್ಯದವರು, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಸೈಟಿನಲ್ಲಿ ಟಿಕೆಟ್ ವಿವರ ತೆಗೆದು ನೋಡಿದೆ, `Self transfer` ಅಂತಲೇ ಇದೆ, ಕಂಪನಿಗಳೂ ಎರಡು. ಒಂದೇ ಪಿಎನ್‌ಆರ್ ಕೇಳಿದರೆ ಏಜೆಂಟ್ ತಲೆಗೆ ಏಳು ಸಾವಿರ ಜಾಸ್ತಿ ಅಂತಾರೆ. ಅತ್ತೆ ಚಕ್ಕುಲಿ, ಉಪ್ಪಿನಕಾಯಿ ಅಂತ ದೊಡ್ಡ ಪೆಟ್ಟಿಗೆ ತುಂಬಿಸುವವರು, ಹೆಗಲ ಬ್ಯಾಗಿನ ಮಾತು ಆಗಲ್ಲ. ಎಸ್‌ಜಿ ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ಫ್ರೀ ಸಿಗುತ್ತದಂತೆ, ಅದನ್ನು ಮಾಡಿಸಿದರೆ ಸಾಲದಾ?

ಕುವೆಂಪುನಗರದವರು:
ಸಾಲದು ಮೇಡಂ. ಅದು ಬರೀ ಬರುವವರ ವಿವರ ತುಂಬುವ ಫಾರಂ, ವೀಸಾ ಅಲ್ಲ. ಹೊರಗೆ ಬರದೆ ದಾಟುವವರಿಗೆ ಅದೂ ಬೇಡ. ಏಳು ಸಾವಿರ ಕೊಡುವ ಮೊದಲು ಮೂವರಿಗೂ ಸಿಂಗಾಪುರ ವೀಸಾ ಮಾಡಿಸಲು ಎಷ್ಟಾಗುತ್ತದೆ ಅಂತ ಕೇಳಿ. ವೀಸಾ ಸಿಕ್ಕರೆ ಆರು ಗಂಟೆಯೂ ದಂಡವಾಗಲ್ಲ. ಆದರೆ ಎರಡು ಟಿಕೆಟ್ ಇದ್ದಾಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಅತ್ತೆ ಜೊತೆಗಿದ್ದಾರೆ ಅಂದರೆ ನಾನಾದರೆ ಒಂದೇ ಪಿಎನ್‌ಆರ್‌ಗೇ ಹೋಗುತ್ತೇನೆ. ಬೆಂಗಳೂರು ಕೌಂಟರಿನಲ್ಲಿ ಪೆಟ್ಟಿಗೆ ಟ್ಯಾಗ್ ನೋಡದೆ ಹೊರಡಬೇಡಿ. ದೊಡ್ಡ ಅಕ್ಷರದಲ್ಲಿ `DPS` ಇದ್ದರೆ ಪೆಟ್ಟಿಗೆ ಬಾಲಿಗೆ. `SIN` ಒಂದೇ ಇದ್ದರೆ ಅಲ್ಲೇ ನಿಲ್ಲಿಸಿ ಕೇಳಿ.

ಸರಸ್ವತಿಪುರಂನವರು:
ತಮ್ಮನಿಗೆ ಫೋನ್ ಮಾಡಿದೆ. ಅವನ ಹತ್ತಿರ ಜಪಾನ್ ವೀಸಾ ಇತ್ತಂತೆ. ಕೌಲಾಲಂಪುರ ಮೇಲೆ ಹೋಗಿ ಅಂತಾನೆ, ಮಲೇಷ್ಯಾದಲ್ಲಿ ನಮಗೆ ವೀಸಾ ಬೇಡವಂತೆ.

ವಿಜಯನಗರದವರು:
ಆ ಸೌಲಭ್ಯ 2026ರ ಡಿಸೆಂಬರ್ ಕೊನೆವರೆಗೆ ಅಂತ ಘೋಷಿಸಿದ್ದು. ಮೇಡಂ, ನಿಮ್ಮ ಪ್ರಯಾಣ ಯಾವಾಗ?