ಸಹಾಯ ಬೇಕು: ರೂಮ್ ಬದಲಾವಣೆಗೆ ಡಾಕ್ಟರ್ ಚೀಟಿಯಲ್ಲಿ ಏನಿರಬೇಕು?

ನಮಸ್ಕಾರ. ಹಾಸ್ಟೆಲ್‌ನಲ್ಲಿ ನನ್ನ ರೂಮು ಬಚ್ಚಲಿಗೆ ಅಂಟಿಕೊಂಡಿದೆ. ಮಂಚದ ತಲೆಭಾಗದ ಗೋಡೆ ತೇವ ಹಿಡಿದು ಕಪ್ಪು ಬೂಷ್ಟು ಬಂದಿದೆ. ನನಗೆ ಮೊದಲಿನಿಂದಲೂ ಆಸ್ತಮಾ. ಊರಿಗೆ ಹೋದರೆ ಆರಾಮ. ಇಲ್ಲಿಗೆ ಬಂದ ಎರಡನೇ ರಾತ್ರಿಯೇ ಉಬ್ಬಸ, ಇನ್‌ಹೇಲರ್ ದಿಂಬಿನ ಕೆಳಗೇ ಇರಬೇಕು.

ವಾರ್ಡನ್ ಮೇಡಂಗೆ ಅರ್ಜಿ ಕೊಟ್ಟೆ. ಅದರ ಜೊತೆಗಿಟ್ಟ ಡಾಕ್ಟರ್ ಚೀಟಿಯಲ್ಲಿ ‘ಆಸ್ತಮಾ ಇದೆ, ಔಷಧಿ ಮುಂದುವರಿಸಿ’ ಅಂತಷ್ಟೇ ಇತ್ತು. “ಇದರಲ್ಲಿ ರೂಮಿನ ಮಾತೇ ಇಲ್ಲವಲ್ಲಮ್ಮ” ಅಂದರು. ಅವರದೂ ತಪ್ಪಲ್ಲ ಬಿಡಿ.

ನಾಳೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ‘ತೇವ, ಬೂಷ್ಟಿನಿಂದ ಉಬ್ಬಸ ಹೆಚ್ಚುತ್ತದೆ, ಒಣಗಿದ, ಗಾಳಿಯಾಡುವ ಕೋಣೆ ಅಗತ್ಯ’ ಎಂದು ಸಹಿ, ಸೀಲು, ನೋಂದಣಿ ಸಂಖ್ಯೆ ಸಮೇತ ಬರೆಸಿಕೊಳ್ಳುತ್ತೇನೆ. ಗೋಡೆಯ ಫೋಟೊವನ್ನೂ ಲಗತ್ತಿಸುತ್ತೇನೆ. ಮೇಲಿನ ಮಹಡಿಯ ಗೆಳತಿ ಅದಲುಬದಲಿಗೆ ಒಪ್ಪಿದ್ದಾಳೆ. ಅವಳಿಂದಲೂ ಒಪ್ಪಿಗೆ ಪತ್ರ ಬೇಕಾಗುತ್ತದಾ? ಹೀಗೆ ರೂಮ್ ಬದಲಿಸಿಕೊಂಡವರು ಹೇಳಿ.