ಅಡ್ವಾನ್ಸ್ ವಾಪಸ್ ಕೇಳುವ ನೋಟಿಸಿನಲ್ಲಿ ಏನಿರಬೇಕು?

ಪ್ರಶ್ನೆ: ಬೆಂಗಳೂರಲ್ಲಿ ಎರಡು ವರ್ಷ ಇದ್ದ ಬಾಡಿಗೆ ಮನೆ ಮೇ 31ಕ್ಕೆ ಖಾಲಿ ಮಾಡಿದೆವು. ಬಾಡಿಗೆ 22,000, ಅಡ್ವಾನ್ಸ್ 1,50,000. ಓನರ್ 60,000 ಹಾಕಿ, ‘ಮನೆ ತುಂಬಾ ಡ್ಯಾಮೇಜ್, ಉಳಿದದ್ದು ಅದಕ್ಕೇ ಸರಿಹೋಯಿತು’ ಅಂತ ವಾಟ್ಸ್‌ಆ್ಯಪ್ ಮಾಡಿದ್ದಾರೆ. ಏನು ಡ್ಯಾಮೇಜ್ ಅಂದರೆ ಉತ್ತರವಿಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಅಂತ ಅಗ್ರಿಮೆಂಟಿನಲ್ಲಿದೆ. ಕೊನೆಯ ಕರೆಂಟ್ ಬಿಲ್ 1,340 ನಾವು ಕಟ್ಟಿಲ್ಲ. ನೋಟಿಸ್ ಹೇಗೆ ಬರೆಸಬೇಕು?

ಮೊದಲ ಉತ್ತರ: 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳೋ ಹಾಗೇ ಇಲ್ಲ. ಅದನ್ನೇ ಮೊದಲು ಬರೆಸಿ. ಜೊತೆಗೆ ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಅಂತಲೂ ಸೇರಿಸಿ, ಹೆದರಿ ಕೊಡ್ತಾರೆ.

ವಕೀಲರೊಬ್ಬರು: ಎರಡೂ ಬೇಡ. ಎರಡು ತಿಂಗಳ ಮಿತಿ ಇರುವುದು ನಿಜ, ಆದರೆ ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ. ಕರ್ನಾಟಕ ಅದನ್ನು ಕಾನೂನು ಮಾಡಿಕೊಂಡಿಲ್ಲ. ಇದು ಸಿವಿಲ್ ವ್ಯಾಜ್ಯ. ಪೊಲೀಸ್ ಹೆಸರು ಹೇಳಿ ಹೆದರಿಸಿದರೆ ಎದುರು ವಕೀಲರು ಉತ್ತರ ಕೊಡುವಾಗ ಅದನ್ನೇ ಹಿಡಿದುಕೊಳ್ಳುತ್ತಾರೆ.

ಮೊದಲು ಲೆಕ್ಕ ಶುದ್ಧ ಮಾಡಿಕೊಳ್ಳಿ. ಬಾಕಿ 90,000. ನೀವೇ ಒಪ್ಪಿದ ಪೇಂಟಿಂಗ್ 22,000 ಮತ್ತು ಕರೆಂಟ್ 1,340 ಕಳೆಯಿರಿ. ಉಳಿದ 66,660 ನಿಮ್ಮ ಬೇಡಿಕೆ. ಪೂರ್ತಿ 90,000 ಕೇಳಿದರೆ ಅಗ್ರಿಮೆಂಟನ್ನೇ ಮುಚ್ಚಿಟ್ಟವರು ಅನ್ನಿಸಿಕೊಳ್ಳುತ್ತೀರಿ. ನೀವಾಗಿಯೇ ಕಳೆದು ತೋರಿಸಿದರೆ ಮಿಕ್ಕ ಹಣಕ್ಕೆ ಅವರೇ ಕಾರಣ ಹೇಳಬೇಕಾಗುತ್ತದೆ.

ನೋಟಿಸಿನ ಜೀವ ಇರುವುದು ಇನ್ನೊಂದು ಪ್ಯಾರಾದಲ್ಲಿ. ‘ಡ್ಯಾಮೇಜ್ ಆಗಿದೆ’ ಅನ್ನುವುದನ್ನು ಬರೀ ಅಲ್ಲಗಳೆಯಬೇಡಿ. ಯಾವ ಕೋಣೆ, ಯಾವ ವಸ್ತು, ಯಾವಾಗ ಗೊತ್ತಾಯಿತು, ರಿಪೇರಿಗೆ ಎಷ್ಟಾಯಿತು, ಬಿಲ್ ಮತ್ತು ಫೋಟೋ ಎಲ್ಲಿ ಅಂತ ಕೇಳಿ. ಇವನ್ನು 15 ದಿನದಲ್ಲಿ ಕೊಡಬೇಕು, ಇಲ್ಲವೇ ಹಣ ಕೊಡಬೇಕು ಅಂತ ಬರೆಸಿ. ಗೋಡೆಯ ಮೊಳೆ ತೂತು, ಮಾಸಿದ ಬಣ್ಣ, ಸಡಿಲಾದ ನಲ್ಲಿ ಇವೆಲ್ಲ ಸಹಜ ಸವೆತ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಬಾಡಿಗೆದಾರನಿಗೆ ಆ ವಿನಾಯಿತಿ ಇದೆ. ಒಡೆದ ವಾಶ್‌ಬೇಸಿನ್ ಬೇರೆ ಮಾತು. ಅಂಥದ್ದೇನಾದರೂ ಇದ್ದರೆ ಈಗಲೇ ನಿಮ್ಮ ವಕೀಲರಿಗೆ ಹೇಳಿ.

ಇನ್ನೊಬ್ಬರು: ನಾನು ಇನ್ನೂ ಮನೆಯಲ್ಲೇ ಇದ್ದೀನಿ. ಕೊನೆಯ ಮೂರು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸಲ್ಲಿ ಮುರಿದುಕೊಂಡರೆ ಈ ತಲೆನೋವೇ ಇರಲ್ಲ ಅಲ್ವಾ?

ವಕೀಲರೊಬ್ಬರು: ಓನರ್ ಬರಹದಲ್ಲಿ ಒಪ್ಪಿದರೆ ಸರಿ. ಒಪ್ಪದೆ ನಿಲ್ಲಿಸಿದರೆ ನೀವೇ ಬಾಡಿಗೆ ಬಾಕಿದಾರರಾಗುತ್ತೀರಿ.

ಮನೆ ಬಾಡಿಗೆ ವ್ಯವಹಾರ ನೋಡಿಕೊಳ್ಳುವವರು: ಪೇಂಟಿಂಗ್ ವಿಷಯದಲ್ಲಿ ವಕೀಲರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ‘ಹಿಡಿಯಬಹುದು’ ಅಂದರೆ ಬಣ್ಣ ಹೊಡೆಸಿದರೆ ಹಿಡಿಯಬಹುದು ಅಂತಲೂ ಓದಬಹುದು. ಹೊಡೆಸದೆ ಹಾಗೇ ಹೊಸಬರಿಗೆ ಕೊಟ್ಟಿದ್ದರೆ 22,000 ಯಾಕೆ ಬಿಡಬೇಕು?

ವಕೀಲರೊಬ್ಬರು: ವಾದ ಇದೆ, ಒಪ್ಪಿದೆ. ಬಿಡಲು ಮನಸ್ಸಿಲ್ಲದಿದ್ದರೆ ‘ಬಣ್ಣ ಹೊಡೆಸಿದ ಬಿಲ್ ತೋರಿಸಿದರೆ ಮಾತ್ರ 22,000 ಕಡಿತಕ್ಕೆ ಒಪ್ಪಿಗೆ’ ಅಂತ ಬರೆಸಿ. ನನ್ನ ಕೈಗೆ ಬಂದರೆ ಬಿಟ್ಟೇ ಬರೆಯುತ್ತೇನೆ, ಜಗಳದ ಬಾಯಿ ಚಿಕ್ಕದಾಗುತ್ತದೆ.

ಬಡ್ಡಿ ಮರೆಯಬೇಡಿ. ಬಡ್ಡಿ ಕೇಳುತ್ತೇವೆ ಅಂತ ನೋಟಿಸಿನಲ್ಲೇ ಬರೆದರೆ, 1978ರ ಬಡ್ಡಿ ಕಾಯ್ದೆಯಡಿ ಕಡೇಪಕ್ಷ ಆ ದಿನದಿಂದ ಬಡ್ಡಿ ಕೊಡಿಸಲು ಕೋರ್ಟಿಗೆ ಅವಕಾಶವಿದೆ. ವರ್ಷಕ್ಕೆ ಶೇ. 12 ಅಂತ ಕೇಳಿದರೆ 66,660ಕ್ಕೆ ತಿಂಗಳಿಗೆ ಸುಮಾರು 667 ರೂಪಾಯಿ. ದರ ಎಷ್ಟು ಅನ್ನುವುದು ಕೊನೆಗೆ ಕೋರ್ಟಿನ ತೀರ್ಮಾನ.

ಕೇಳಿದವರು: ಕೀಲಿ ವಾಚ್‌ಮನ್ ಕೈಗೆ ಕೊಟ್ಟು ಬಂದೆವು, ಓನರ್ ಊರಲ್ಲಿರಲಿಲ್ಲ. ತೊಂದರೆಯೇ? ಅಗ್ರಿಮೆಂಟ್ ಅವರ ಹೆಂಡತಿ ಹೆಸರಲ್ಲಿದೆ, ಹಣ ಹೋಗಿದ್ದು ಓನರ್ ಖಾತೆಗೆ.

ವಕೀಲರೊಬ್ಬರು: ನೋಟಿಸನ್ನು ಇಬ್ಬರ ಹೆಸರಿಗೂ ಕಳಿಸಿ. ಒಬ್ಬರಿಗೇ ಕಳಿಸಿದರೆ ‘ನಾನು ಓನರ್ ಅಲ್ಲ’, ‘ಹಣ ನನಗೆ ಬಂದಿಲ್ಲ’ ಅನ್ನುವ ಎರಡು ದಾರಿ ತೆರೆದುಕೊಳ್ಳುತ್ತವೆ. ಅಗ್ರಿಮೆಂಟಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ತೆಗೆದಿಡಿ. ತೆಗೆದುಕೊಳ್ಳಲು ನಿರಾಕರಿಸಿದರೆ ಆ ಷರಾ ಇರುವ ಕವರನ್ನು ಒಡೆಯದೆ ಇಟ್ಟುಕೊಳ್ಳಿ.

ಕೀಲಿಯದ್ದು ಸ್ವಲ್ಪ ಸೂಕ್ಷ್ಮ. ಯಾವತ್ತು ಖಾಲಿಯಾಯಿತು ಅನ್ನುವುದಕ್ಕೆ ಪುರಾವೆ ಇಲ್ಲದಿದ್ದರೆ ಜೂನ್ ಬಾಡಿಗೆಯೂ ಬಾಕಿ ಅನ್ನುತ್ತಾರೆ. ಆ ದಿನ ‘ಕೀಲಿ ಕೊಟ್ಟಿದ್ದೇವೆ’ ಅಂತ ಓನರಿಗೆ ಮೆಸೇಜ್ ಹಾಕಿದ್ದೀರಾ?

ಕೇಳಿದವರು: ಫೋನ್ ಮಾಡಿ ಹೇಳಿದ್ವಿ, ಮೆಸೇಜ್ ಇಲ್ಲ. ಆದರೆ 60,000 ಹಾಕಿದ್ದು ಜೂನ್ 4ಕ್ಕೆ.

ವಕೀಲರೊಬ್ಬರು: ಹಾಗಾದರೆ ಆ ಜಮೆಯೇ ನಿಮಗೆ ಆಸರೆ. ಮನೆ ಕೈಗೆ ಬಾರದೆ ಅಡ್ವಾನ್ಸ್ ಹಿಂತಿರುಗಿಸುವವರು ಅಪರೂಪ. ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲನ್ನು ನೋಟಿಸಿನಲ್ಲಿ ದಿನಾಂಕ ಸಮೇತ ಉಲ್ಲೇಖಿಸಿ. ‘ಸರಿಹೋಯಿತು’ ಅನ್ನುವ ವಾಟ್ಸ್‌ಆ್ಯಪ್ ಚಾಟ್ ಆ ಫೋನಿನಿಂದ ಅಳಿಸಬೇಡಿ, ಸ್ಕ್ರೀನ್‌ಶಾಟ್ ಒಂದೇ ಸಾಲದು.